ಮೂರನೇ ಪುಸ್ತಕ

ನಾನು ಅಜ್ಜಂಪುರದಲ್ಲಿ ಮನೆ ಮಾಡಿಕೊಂಡು, ಬುಕ್ಕಾಂಬುಧಿ ಕಡೆಯ ಒಂದು ಸರ್ಕಾರಿ ಶಾಲೆಗೆ ದಿನಾ ಬೈಕಿನಲ್ಲಿ ಹೋಗಿಬರುವ ಮೇಷ್ಟ್ರು. ಸಮಾಜ ವಿಜ್ಞಾನ ಕಲಿಸುತ್ತೇನೆ. ಇಪ್ಪತ್ತೆರಡು ವರ್ಷದ ಸರ್ವಿಸ್ಸು. ನನ್ನ ಸೇವಾ ಪುಸ್ತಕದಲ್ಲಿ ಎಂ.ಎ. ಇಂಗ್ಲಿಷ್ ಎಂದು ಬರೆದಿದೆ. ಅದು ಅಂಚೆ ಶಿಕ್ಷಣದಲ್ಲಿ ಬಂದದ್ದು. ಪರೀಕ್ಷೆಗೆ ಹದಿನೈದು ದಿನ ಇರುವಾಗ ಗೈಡುಗಳನ್ನು ತಂದು, ಹತ್ತು ಪ್ರಬಂಧಗಳನ್ನು ಉರು ಹೊಡೆದು, ಬಂದ ಪ್ರಶ್ನೆಗೆ ಹತ್ತಿರವಾದದ್ದನ್ನು ಬರೆದು ಪಾಸಾಗಿದ್ದೆ. ಇಂಗ್ಲಿಷಿನಲ್ಲಿ ಯಾರ ಜೊತೆಗೂ ಐದು ನಿಮಿಷ ಮಾತಾಡಿದವನಲ್ಲ. ಈ ಸಂಗತಿ ನನ್ನ ಹೆಂಡತಿಗೂ ಸರಿಯಾಗಿ ಗೊತ್ತಿರಲಿಲ್ಲ.

ಒಂದು ಜನವರಿಯಲ್ಲಿ, ಬರುವ ಜೂನ್‌ನಿಂದ ನಮ್ಮ ಶಾಲೆಯ ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮವೂ ಬರುತ್ತದೆ ಎಂದು ಆದೇಶ ಬಂತು. ಹೆಡ್ ಮೇಡಂ ಸ್ಟಾಫ್ ರೂಮಿನಲ್ಲಿ ಎಲ್ಲರ ಮುಖ ನೋಡಿದರು. ಆಮೇಲೆ ಅವರ ಕಣ್ಣು ನನ್ನ ಮೇಲೆ ನಿಂತಿತು.

"ನಿಮ್ದು ಇಂಗ್ಲಿಷ್ ಎಂ.ಎ. ಅಲ್ವಾ ಮೇಷ್ಟ್ರೇ? ನೀವಿರುವಾಗ ನಾನ್ಯಾಕೆ ತಲೆ ಕೆಡಿಸ್ಕಳ್ಳಿ!"

ಆಗಲೇ ನಿಜ ಹೇಳಬಹುದಿತ್ತು. "ಆಯ್ತು ಮೇಡಂ, ನಾನೇ ತಗೊಳ್ತೀನಿ" ಎಂದೆ. ಉಳಿದವರು ನಿಟ್ಟುಸಿರು ಬಿಟ್ಟು ಟೀ ಕುಡಿದರು. ನಾನು ಟೀ ಲೋಟವನ್ನು ಹಾಗೇ ಇಟ್ಟೆ. ಐದು ತಿಂಗಳಿದೆ, ಅಷ್ಟರಲ್ಲಿ ಹೇಗಾದರೂ ಕಲಿತುಬಿಡೋಣ ಎಂದು ಲೆಕ್ಕ ಹಾಕಿದೆ.

ತರೀಕೆರೆಯಲ್ಲಿ ಕಾಲೇಜಿನಿಂದ ನಿವೃತ್ತರಾದ ಒಬ್ಬ ಉಪನ್ಯಾಸಕಿ ಭಾನುವಾರಗಳಂದು ದೊಡ್ಡವರಿಗೆ ಇಂಗ್ಲಿಷ್ ಹೇಳಿಕೊಡುತ್ತಾರೆಂದು ಕೇಳಿದ್ದೆ. ಫೋನು ಮಾಡಿದಾಗ ಅವರು, "ಮೂರು ಪುಸ್ತಕ ಇವೆ. ಒಂದನೇದು, ಎರಡನೇದು, ಮೂರನೇದು. ಆದರೆ ಈಗಲೇ ತಗೋಬೇಡಿ. ಮೊದಲು ಬನ್ನಿ, ನಿಮ್ಮ ಮಟ್ಟ ಯಾವುದು ಅಂತ ನೋಡಿಕೊಂಡು ಆಮೇಲೆ ತಗೊಳ್ಳಿ" ಎಂದಿದ್ದರು. ನಾನು ಆ ಮಾತನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವನಂತೆ, ಅದೇ ವಾರ ಯಾವುದೋ ಕೆಲಸಕ್ಕೆಂದು ಕಡೂರಿಗೆ ಹೋಗಿದ್ದಾಗ ಬಸ್ ಸ್ಟ್ಯಾಂಡ್ ಹತ್ತಿರದ ಪುಸ್ತಕದಂಗಡಿಗೆ ಹೋದೆ. ಅಂಗಡಿಯವನು ಮೂರನ್ನೂ ಕೌಂಟರಿನ ಮೇಲೆ ಹರವಿದ. ಒಂದನೆಯದರ ರಟ್ಟಿನ ಮೇಲೆ ಹಳದಿ, ಎರಡನೆಯದಕ್ಕೆ ಹಸಿರು, ಮೂರನೆಯದಕ್ಕೆ ಕಡುನೀಲಿ.

"ಯಾರಿಗೆ ಸಾರ್? ಮಕ್ಕಳಿಗಾ?"

"ಅಲ್ಲ, ನನಗೇ."

"ಹಂಗಾದ್ರೆ ಒಂದ್ಸಲ ಒಳಗೆ ನೋಡ್ಬಿಡಿ. ಒಂದೊಂದು ಪುಸ್ತಕದ ಕೊನೇಲೂ ಟೆಸ್ಟ್ ಐತೆ. ಹೊಂದಲಿಲ್ಲ ಅಂತ ವಾಪಸ್ ತಂದ್ರೆ ತಗಳಕ್ಕಾಗಲ್ಲ."

ಪಕ್ಕದಲ್ಲಿ ಒಬ್ಬ ಹೆಂಗಸು ಮಗಳಿಗೆ ನೋಟ್‌ಬುಕ್ ಆರಿಸುತ್ತಿದ್ದಳು. ಅವಳ ಎದುರು ಹಳದಿ ಪುಸ್ತಕ ತೆರೆದು ನಿಲ್ಲಲು ನನಗೆ ಆಗಲಿಲ್ಲ. ಅಂಗಡಿಯವನೇ ಬಿಡಿಸಿ ತೋರಿಸಿದ ಹಳದಿಯ ಮೊದಲ ಪುಟದಲ್ಲಿ "ಇದು ಪೆನ್ನು, ಅದು ಬಾಗಿಲು" ಎನ್ನುವಂಥ ಚಿತ್ರಗಳಿದ್ದವು. "ಮೂರನೇದು ಕೊಡಪ್ಪ" ಎಂದೆ. ಮನೆಗೆ ತಂದು ಮಕ್ಕಳ ಪುಸ್ತಕದ ಹಾಗೆ ಬೈಂಡು ಹಾಕಿದೆ.

ಆ ಭಾನುವಾರ ಬೆಳಿಗ್ಗೆ ತರೀಕೆರೆಯ ಅವರ ಮನೆಯ ಮಹಡಿ ಹತ್ತಿದಾಗ ಅಲ್ಲಿ ಎಂಟು ಜನರಿದ್ದರು. ಅವರಲ್ಲಿ ಒಬ್ಬಳು ಎದ್ದು ನಿಂತು, "ನಮಸ್ಕಾರ ಸಾರ್!" ಎಂದಳು. ನನ್ನ ಹಳೆಯ ವಿದ್ಯಾರ್ಥಿನಿ. ಆರು, ಏಳನೇ ತರಗತಿಗಳಲ್ಲಿ ನನ್ನ ಕೈಯಲ್ಲಿ ಓದಿದವಳು. ಪಿಯುಸಿ ಸೈನ್ಸ್ ಮುಗಿಸಿ ಈಗ ಅಜ್ಜಂಪುರದ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ನನ್ನ ಬಿ.ಪಿ. ಮಾತ್ರೆಯನ್ನು ತಿಂಗಳು ತಿಂಗಳು ಕೊಡುವವಳೇ ಅವಳು.

"ನೀನ್ಯಾಕಮ್ಮ ಇಲ್ಲಿ?" ಎಂದೆ.

"ಡಿ.ಫಾರ್ಮ ಸೇರ್ಬೇಕು ಅಂತ ಐತೆ ಸಾರ್. ಅಲ್ಲಿ ಪಾಠ ಎಲ್ಲ ಇಂಗ್ಲಿಷಲ್ಲೇ ಅಂತೆ. ಮಾತ್ರೆ ಹೆಸರು ಓದ್ತೀನಿ, ಚೀಟಿ ಓದ್ತೀನಿ. ಕಂಪನಿಯೋರು ಫೋನ್ ಮಾಡಿದ್ರೆ ಮಾತ್ರ ಬಾಯಿ ಕಟ್ಟೋಗುತ್ತೆ." ಹೇಳಿ ನಕ್ಕಳು. ಆಮೇಲೆ, "ನೀವು ಪಾಠ ಮಾಡಕ್ ಬಂದ್ರಾ ಸಾರ್?" ಎಂದು ಕೇಳಿದಳು.

"ಇಲ್ಲ, ಸ್ವಲ್ಪ ಟಚ್ ಬಿಟ್ಟೋಗಿದೆ, ಅದಕ್ಕೆ" ಎಂದೆ.

ಉಪನ್ಯಾಸಕಿ ಎಲ್ಲರ ಕೈಗೂ ಒಂದೊಂದು ಹಾಳೆ, ಒಂದೊಂದು ಪೆನ್ಸಿಲ್ ಕೊಟ್ಟರು. ಹಾಳೆಯಲ್ಲಿ ಕನ್ನಡದಲ್ಲಿಯೇ ಪಟ್ಟಿ ಇತ್ತು. ಕೇಳುವುದು, ಮಾತಾಡುವುದು, ಓದುವುದು, ಬರೆಯುವುದು ಎಂದು ನಾಲ್ಕು ಭಾಗ. ಒಂದೊಂದು ಭಾಗದಲ್ಲೂ ಸುಲಭದಿಂದ ಕಷ್ಟಕ್ಕೆ ಏರುವ ಸಾಲುಗಳು. "ನನ್ನ ಊರು, ಮನೆ, ಕೆಲಸದ ಬಗ್ಗೆ ಐದು ವಾಕ್ಯ ಹೇಳಬಲ್ಲೆ." "ನಿನ್ನೆ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಬಲ್ಲೆ." "ಗುರುತಿಲ್ಲದವರು ಫೋನಿನಲ್ಲಿ ನಿಧಾನವಾಗಿ ಮಾತಾಡಿದರೆ ನನಗೆ ಅರ್ಥವಾಗುತ್ತದೆ." "ಒಂದು ವಿಷಯದ ಬಗ್ಗೆ ನನ್ನ ಅಭಿಪ್ರಾಯವನ್ನು ಕಾರಣಗಳೊಂದಿಗೆ ಎರಡು ನಿಮಿಷ ಹೇಳಬಲ್ಲೆ." ಪ್ರತಿ ಸಾಲಿನ ಎದುರಿಗೆ ಮೂರು ಚೌಕ: ಸುಲಭವಾಗಿ, ಕಷ್ಟಪಟ್ಟು, ಇನ್ನೂ ಇಲ್ಲ.

"ಒಂದು ಮಾತು ನೆನಪಿಡಿ," ಎಂದರು ಉಪನ್ಯಾಸಕಿ. "ಹಿಂದೆ ಯಾವಾಗಲೋ ಕಲಿತಿದ್ದೆ ಅನ್ನೋದು ಲೆಕ್ಕಕ್ಕಿಲ್ಲ. ಪ್ರಯತ್ನ ಮಾಡಿದ್ರೆ ಬರಬಹುದು ಅನ್ನೋದೂ ಲೆಕ್ಕಕ್ಕಿಲ್ಲ. ಈಗ, ಇಲ್ಲೇ ಮಾಡು ಅಂದ್ರೆ ಮೊಬೈಲು ನೋಡದೆ, ಪಕ್ಕದವರನ್ನ ಕೇಳದೆ ಮಾಡಕ್ಕಾಗುತ್ತಾ? ಅಷ್ಟೇ ನೋಡ್ಕೊಂಡು ಗುರುತು ಹಾಕಿ. ಇದು ನನಗಲ್ಲ, ನಿಮಗೆ. ನಾನು ಮಾರ್ಕ್ಸ್ ಕೊಡಲ್ಲ."

ನಾನು ಓದುತ್ತಾ ಹೋದೆ. ಪ್ರತಿ ಸಾಲನ್ನು ಓದಿದಾಗಲೂ ಮನಸ್ಸು ಒಂದು ಕ್ಷಣ ನಿಜವನ್ನೇ ಹೇಳುತ್ತಿತ್ತು. ಫೋನಿನ ಸಾಲಿಗೆ ಬಂದಾಗ, ಹಿಂದಿನ ತಿಂಗಳು ಬ್ಯಾಂಕಿನಿಂದ ಯಾರೋ ಇಂಗ್ಲಿಷಿನಲ್ಲಿ ಮಾತಾಡಿದಾಗ "ರಾಂಗ್ ನಂಬರ್" ಎಂದು ಇಟ್ಟುಬಿಟ್ಟದ್ದು ನೆನಪಾಯಿತು. ಆದರೂ ಪೆನ್ಸಿಲ್ಲು "ಸುಲಭವಾಗಿ" ಚೌಕದ ಮೇಲೇ ಇಳಿಯಿತು. ಓದುವುದು, ಬರೆಯುವುದರಲ್ಲಿ ಮೊದಲ ಕೆಲವು ಸಾಲುಗಳಿಗೆ ಅದು ನಿಜವೂ ಆಗಿತ್ತು. ಅದನ್ನೇ ನೆಪ ಮಾಡಿಕೊಂಡು ಉಳಿದವಕ್ಕೂ ಹಾಕಿದೆ. ಪೂರಾ ಸುಳ್ಳಾಗಿ ಕಾಣಬಾರದೆಂದು ಎರಡು ಕಡೆ "ಕಷ್ಟಪಟ್ಟು" ಎಂದು ಗುರುತಿಸಿದೆ. ಶಾಲೆಯಲ್ಲಿ ವರ್ಷದ ಆರಂಭದಲ್ಲಿ ಮಕ್ಕಳಿಗೆ ಹಿಂದಿನ ತರಗತಿಯ ಪಾಠ ಬರುತ್ತದೋ ಎಂದು ನೋಡುವ ಸೇತುಬಂಧದ ಪರೀಕ್ಷೆ ಮಾಡಿ ನಮೂನೆ ತುಂಬುವಾಗಲೂ ನಾನು ಹೀಗೇ ಮಾಡುತ್ತಿದ್ದೆ. ಎಲ್ಲರೂ ಸಾಧಿಸಿದ್ದಾರೆ ಎಂದರೆ ನಂಬುವುದಿಲ್ಲವೆಂದು ಇಬ್ಬರು ಮೂವರ ಎದುರಿಗೆ "ಭಾಗಶಃ" ಎಂದು ಬರೆಯುವುದು.

ಪಕ್ಕದಲ್ಲಿದ್ದ ಅವಳ ಹಾಳೆ ಕಣ್ಣಿಗೆ ಬಿತ್ತು. ಓದುವುದರಲ್ಲಿ ನಾಲ್ಕು "ಸುಲಭವಾಗಿ". ಬರೆಯುವುದರಲ್ಲಿ ಎರಡು "ಕಷ್ಟಪಟ್ಟು". ಕೇಳುವುದು, ಮಾತಾಡುವುದರಲ್ಲಿ ಮೊದಲ ಸಾಲು ಬಿಟ್ಟರೆ ಉಳಿದದ್ದೆಲ್ಲ "ಇನ್ನೂ ಇಲ್ಲ". ಪ್ರತಿ ಗುರುತಿಗೂ ಮೊದಲು ತುಟಿ ಅಲ್ಲಾಡಿಸಿ, ತನ್ನಲ್ಲೇ ಹೇಳಿ ನೋಡಿಕೊಂಡು ಹಾಕುತ್ತಿದ್ದಳು.

ಆಗ ನಾನು ಹೇಳಿದ ಮಾತು ಇದು: "ಏನಮ್ಮಾ, ಅಷ್ಟೊಂದು ಇಲ್ಲ ಇಲ್ಲ ಅಂತ ಹಾಕಿದೀಯ? ನನ್ನ ಕೈಲಿ ಓದಿದೋಳು ನೀನು. ಹಿಂಗಾದ್ರೆ ಒಂದನೇ ಪುಸ್ತಕ ಕೊಡ್ತಾರೆ, ಆ ಹಳದೀದು ಒಂದನೇ ಕ್ಲಾಸ್ ಮಕ್ಕಳು ಓದೋದು ಕಣಮ್ಮ. ಪಿಯುಸಿ ಸೈನ್ಸ್ ಮಾಡಿ ಅದನ್ನ ಹಿಡ್ಕಂಡು ಕೂತ್ಕಂತೀಯಾ?"

ಅವಳ ಮುಖ ಕೆಂಪಾಯಿತು. "ಮಾತಾಡಕ್ ಬರಲ್ವಲ್ಲ ಸಾರ್."

"ಬರುತ್ತೆ. ಮೇಲಿನ ಪುಸ್ತಕ ತಗಂಡ್ರೆ ತಾನಾಗೇ ಬರುತ್ತೆ. ನಾನಿಲ್ವಾ, ಹೇಳ್ಕೊಡ್ತೀನಿ."

ಯಾಕೆ ಹಾಗೆಂದೆ ಎಂದು ಆಮೇಲೆ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಅವಳ ಮೇಲಿನ ಅಭಿಮಾನದಿಂದ ಎಂದು ಹೇಳಿಕೊಳ್ಳಬಹುದಿತ್ತು, ಹೇಳಿಕೊಂಡೂ ಇದ್ದೆ. ಅದಲ್ಲ. ಅವಳ ಹಾಳೆ ಪ್ರಾಮಾಣಿಕವಾಗಿತ್ತು. ಅದು ನನ್ನ ಹಾಳೆಯ ಪಕ್ಕದಲ್ಲೇ ಇರುವುದು ನನಗೆ ಬೇಡವಾಗಿತ್ತು. ಅವಳು ರಬ್ಬರ್ ಕೇಳಿ ತೆಗೆದುಕೊಂಡಳು. ಏಳನೇ ತರಗತಿಯಲ್ಲಿ ನಾನು ತಪ್ಪು ಎಂದಾಗ ಉಜ್ಜುತ್ತಿದ್ದಳಲ್ಲ, ಹಾಗೇ ತಲೆ ಬಗ್ಗಿಸಿ ಉಜ್ಜಿ, "ಸುಲಭವಾಗಿ" ಚೌಕಗಳಿಗೆ ಗುರುತು ಹಾಕಿದಳು.

ಉಪನ್ಯಾಸಕಿ ಹಾಳೆಗಳನ್ನು ನೋಡಿ ನಮ್ಮಿಬ್ಬರ ಕಡೆ ತಿರುಗಿದರು. "ಇಬ್ಬರೂ ಮೂರನೇ ಪುಸ್ತಕ ಅಂತೀರಿ. ಸರಿ. ಒಂದು ಕೆಲಸ ಮಾಡಿ. ಮೂರನೇ ಪುಸ್ತಕ ಶುರು ಮಾಡೋಕೆ ಮುಂಚೆ ಎರಡನೇದರ ಕೊನೇ ಟೆಸ್ಟು ಮನೇಲಿ ಕೂತು ಬರೀರಿ. ನಲವತ್ತು ನಿಮಿಷ, ಐವತ್ತು ಮಾರ್ಕ್ಸು. ಬರೆದು ಮುಗಿಸೋ ತನಕ ಉತ್ತರ ನೋಡಬಾರದು. ನಲವತ್ತು ದಾಟಿದ್ರೆ ಮೂರಕ್ಕೆ ಬನ್ನಿ. ಮೂವತ್ತರ ಮೇಲೆ ಬಂದ್ರೆ ಎರಡನೇದರಲ್ಲಿ ತಪ್ಪಾದ ಪಾಠ ಮಾತ್ರ ನೋಡ್ಕೊಳ್ಳಿ. ಅದಕ್ಕಿಂತ ಕಮ್ಮಿ ಅಂದ್ರೆ ಎರಡನೇದನ್ನೇ ಮೊದಲಿಂದ, ಇಲ್ಲಾ ಒಂದನೇದರ ಟೆಸ್ಟು ತಗೊಂಡು ನೋಡಿ. ಓದೋದು ಮುಂದಿದ್ದು ಮಾತು ಹಿಂದಿರೋದು ನಮ್ಮ ಕಡೆ ಎಲ್ಲರಿಗೂ ಇರೋದೇ. ಹಾಗಿದ್ರೆ ಪುಸ್ತಕ ಆರಿಸಬೇಕಾದ್ದು ಯಾವುದು ಹಿಂದಿದೆಯೋ, ಯಾವುದು ನಿಮಗೆ ಬೇಕೋ ಅದನ್ನ ನೋಡಿ."

ತರೀಕೆರೆಯಿಂದ ಅಜ್ಜಂಪುರಕ್ಕೆ ಒಂದೇ ಬಸ್ಸಿನಲ್ಲಿ ಬಂದೆವು. ಎರಡನೇ ಪುಸ್ತಕ ಯಾರ ಹತ್ತಿರ ಸಿಗುತ್ತೆ ಸಾರ್, ಟೆಸ್ಟ್ ಬರೀಬೇಕಲ್ಲ ಎಂದು ಅವಳು ಕೇಳಿದಳು. "ಅದೆಲ್ಲ ಅವರು ಎಲ್ಲರಿಗೂ ಹೇಳೋ ಮಾತು. ನಮಗೆ ಬೇಕಾಗಿಲ್ಲ" ಎಂದೆ. ಅವಳು ನಂಬಿದಳು. ಮಾರನೇ ವಾರ ಕಡೂರಿಗೆ ಹೋಗುವವರ ಕೈಲಿ ಹೇಳಿ ಕಡುನೀಲಿ ಪುಸ್ತಕ ತರಿಸಿಕೊಂಡಳು.

ಮೂರನೇ ಪುಸ್ತಕದ ಗುಂಪು ಮಧ್ಯಾಹ್ನ ಎರಡಕ್ಕೆ ಸೇರುತ್ತಿತ್ತು. ನಮ್ಮಿಬ್ಬರನ್ನು ಬಿಟ್ಟು ಮೂವರು: ಒಬ್ಬರು ಎಲ್‌ಐಸಿ ಏಜೆಂಟು, ಇಬ್ಬರು ಬಿ.ಎಡ್. ಹುಡುಗಿಯರು. ಮೊದಲ ದಿನವೇ ಉಪನ್ಯಾಸಕಿ ಮೊಬೈಲಿಗೆ ಸ್ಪೀಕರ್ ಹಚ್ಚಿ ಒಂದು ಸಂಭಾಷಣೆ ಕೇಳಿಸಿದರು. ಇಬ್ಬರು ಯಾವುದೋ ಮನೆ ಬಾಡಿಗೆಯ ಬಗ್ಗೆ ಮಾತಾಡುತ್ತಿದ್ದರು ಎಂಬುದಷ್ಟು ತಿಳಿಯಿತು. ಯಾರು ಮನೆಯವರು, ಯಾರು ಬಾಡಿಗೆಯವರು ಎಂಬುದೂ ಗೊತ್ತಾಗಲಿಲ್ಲ. ಏಜೆಂಟು ಪಟಪಟನೆ ಉತ್ತರ ಹೇಳಿದರು. ನಾನು ಅವರ ಮಾತಿಗೆ ತಲೆದೂಗುತ್ತಾ, ಅವರು ಹೇಳಿದ್ದರ ಕೊನೆಯ ಎರಡು ಪದಗಳನ್ನು ನಾನೂ ಹೇಳುತ್ತಿದ್ದೆ. ಒಬ್ಬ ಮೇಷ್ಟರಿಗೆ ಈ ಉಪಾಯ ಯಾರೂ ಕಲಿಸಬೇಕಿಲ್ಲ. ಹಿಂದಿನ ಬೆಂಚಿನ ಮಕ್ಕಳು ನನ್ನೆದುರಿಗೆ ವರ್ಷಗಟ್ಟಲೆ ಮಾಡಿ ತೋರಿಸಿದ್ದರು.

ಅವಳಿಗೆ ಆ ಉಪಾಯ ತಿಳಿದಿರಲಿಲ್ಲ. ಸುಮ್ಮನೆ ಕೂತಿರುತ್ತಿದ್ದಳು. ಬಸ್ಸಿನಲ್ಲಿ ಬರುವಾಗ ಕೇಳಿದಳು: "ಸಾರ್, ನಿಮಗೆ ಆ ಮಾತುಕತೆ ಅರ್ಥ ಆಯ್ತಾ?"

"ಆಯ್ತಲ್ಲ."

"ಪೂರಾ?"

"ಎರಡು ಸಲ ಕೇಳಿದ್ರೆ ಆಗುತ್ತಮ್ಮ. ಗಮನ ಇಟ್ಟು ಕೇಳ್ಬೇಕು."

ಮುಂದಿನ ವಾರ ಮತ್ತೆ ಕೇಳಿದಳು. ಅದರ ಮುಂದಿನ ವಾರ ಕೇಳಲಿಲ್ಲ. ಅಂದು ಅವಳ ಪುಸ್ತಕ ನನ್ನ ಪಕ್ಕದಲ್ಲಿ ತೆರೆದಿತ್ತು. ಒಂದು ಪುಟದಲ್ಲಿ ಗೊತ್ತಿಲ್ಲದ ಪದಗಳ ಮೇಲೆಲ್ಲ ಪೆನ್ಸಿಲ್ಲಿನಲ್ಲಿ ಕನ್ನಡ ಅರ್ಥ ಬರೆದಿದ್ದಳು. ಅಚ್ಚಾದ ಸಾಲು ಕಾಣದಷ್ಟು ಬರೆದಿದ್ದಳು. ಐದು ಬೆರಳು ಮಡಚುವಷ್ಟು ಪದ ಒಂದೇ ಪುಟದಲ್ಲಿ ಗೊತ್ತಿಲ್ಲದಿದ್ದರೆ ಆ ಪುಸ್ತಕ ಸದ್ಯಕ್ಕೆ ನಿಮ್ಮದಲ್ಲ ಎಂದು ಉಪನ್ಯಾಸಕಿ ಒಮ್ಮೆ ಹೇಳಿದ್ದರು. ಅವಳ ಆ ಪುಟಕ್ಕೆ ನಮ್ಮಿಬ್ಬರ ನಾಲ್ಕು ಕೈಯೂ ಸಾಲುತ್ತಿರಲಿಲ್ಲ. ನಾನು ನೋಡಿದೆ. ನನ್ನ ಪುಸ್ತಕದ ಹಾಳೆ ತಿರುವಿದೆ.

ಐದನೇ ಭಾನುವಾರ ಅವಳು ಬರಲಿಲ್ಲ. ಆರನೆಯದಕ್ಕೂ ಬರಲಿಲ್ಲ. "ಅಂಗಡೀಲಿ ರಜ ಕೊಡಲಿಲ್ಲವಂತೆ" ಎಂದು ಉಪನ್ಯಾಸಕಿ ಹೇಳಿದರು. ನಾನು ಆ ತಿಂಗಳ ಮಾತ್ರೆಯನ್ನು ಬೇರೆ ಅಂಗಡಿಯಲ್ಲಿ ತೆಗೆದುಕೊಂಡೆ. ಅಲ್ಲಿಗೆ ಹೋಗಬೇಕಾದರೆ ಅವಳಿರುವ ಅಂಗಡಿಯ ಮುಂದೆಯೇ ಹೋಗಬೇಕು. ರಸ್ತೆಯ ಆ ಬದಿಯಲ್ಲಿ, ಫೋನಿನಲ್ಲಿ ಮಾತಾಡುವವನ ಹಾಗೆ ಮುಖ ತಿರುಗಿಸಿಕೊಂಡು ಹೋದೆ.

ಮನೆಗೆಲಸಗಳನ್ನು ನಾನು ಪುಸ್ತಕದ ಹಿಂದಿನ ಉತ್ತರಗಳನ್ನು ನೋಡಿ ಬರೆಯುತ್ತಿದ್ದೆ. ಎಷ್ಟು ರೂಢಿಯಾಗಿತ್ತೆಂದರೆ, ತರೀಕೆರೆಗೆ ಹೋಗುವ ಬಸ್ಸಿನಲ್ಲೇ, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಸಾಲು ಸಾಲಾಗಿ ಇಳಿಸಿಬಿಡುತ್ತಿದ್ದೆ. ಏಳನೇ ಭಾನುವಾರ ಹಾಗೇ ಇಳಿಸಿಕೊಂಡು ಹೋಗಿದ್ದೆ. ಉಪನ್ಯಾಸಕಿ ಒಬ್ಬೊಬ್ಬರಿಂದಲೂ ಒಂದೊಂದು ಉತ್ತರ ಓದಿಸುತ್ತಾ ಬಂದರು. ಎಂಟನೇ ಪ್ರಶ್ನೆ ನನ್ನ ಪಾಲಿಗೆ ಬಂತು. ಕಳೆದ ಹತ್ತು ವರ್ಷಗಳಲ್ಲಿ ನಿಮ್ಮ ಊರಿನಲ್ಲಿ ಏನೇನು ಬದಲಾಗಿದೆ, ಮೂರು ವಾಕ್ಯಗಳಲ್ಲಿ ಹೇಳಿ ಎಂಬುದು ಪ್ರಶ್ನೆ.

ನಾನು ಗಂಟಲು ಸರಿಮಾಡಿಕೊಂಡು, ತರಗತಿಯಲ್ಲಿ ಪಾಠ ಓದುವ ದನಿಯಲ್ಲಿ ಓದಿದೆ: "ಆನ್ಸರ್ಸ್ ವಿಲ್ ವೇರಿ."

ಎಲ್ಲರೂ ತಲೆಯೆತ್ತಿ ನನ್ನನ್ನು ನೋಡಿದರು. ಯಾಕೆಂದು ನನಗೆ ತಿಳಿಯಲಿಲ್ಲ. ಮುಂದಿನ ಸಾಲಿಗಾಗಿ ನೋಟ್‌ಬುಕ್ಕಿನಲ್ಲಿ ಹುಡುಕಿದೆ, ಮುಂದೆ ಏನೂ ಇರಲಿಲ್ಲ. ಉತ್ತರಗಳು ಒಬ್ಬೊಬ್ಬರದೂ ಬೇರೆ ಬೇರೆ ಇರುತ್ತವೆ ಎಂದು ಪಾಠ ಮಾಡುವವರ ಅನುಕೂಲಕ್ಕೆ ಅಚ್ಚು ಹಾಕಿದ್ದನ್ನು ನಾನು ಉತ್ತರವೆಂದು ಬರೆದುಕೊಂಡಿದ್ದೆ. ಬಿ.ಎಡ್. ಹುಡುಗಿಯರಲ್ಲಿ ಒಬ್ಬಳು ಕಿಸಕ್ಕೆಂದಳು, ಇನ್ನೊಬ್ಬಳು ಅವಳ ಮೊಣಕೈ ತಿವಿದಳು. ಏಜೆಂಟು ಕಿಟಕಿಯ ಕಡೆ ನೋಡಿದರು. ಇಪ್ಪತ್ತೆರಡು ವರ್ಷಗಳಲ್ಲಿ ಎಷ್ಟೋ ಮಕ್ಕಳನ್ನು ಹೀಗೆ ಎಬ್ಬಿಸಿ ನಿಲ್ಲಿಸಿ, "ಯಾರನ್ನ ನೋಡಿ ಬರೆದೆಯೋ?" ಎಂದು ಕೇಳಿದ್ದೇನೆ. ನಿಂತವನಿಗೆ ಹೇಗಿರುತ್ತದೆಂದು ಅಂದು ತಿಳಿಯಿತು.

ಉಪನ್ಯಾಸಕಿ ನಗಲಿಲ್ಲ. "ಪರವಾಗಿಲ್ಲ, ಒಂಬತ್ತನೇದು ಹೇಳಿ" ಎಂದು ಮುಂದಿನವರ ಕಡೆ ತಿರುಗಿದರು. ತರಗತಿ ಮುಗಿದು ಎಲ್ಲರೂ ಮೆಟ್ಟಿಲಿಳಿದ ಮೇಲೆ, "ಒಂದು ನಿಮಿಷ ಕೂತ್ಕೊಳ್ಳಿ ಮೇಷ್ಟ್ರೇ" ಎಂದರು. ಕೂತೆ.

"ಎರಡನೇ ಪುಸ್ತಕದ ಟೆಸ್ಟು ಬರೆದಿದ್ರಾ?"

"ಇಲ್ಲ ಮೇಡಂ."

"ಆ ಹುಡುಗಿ?"

"ನಾನೇ ಬೇಡ ಅಂದಿದ್ದೆ." ಇದನ್ನು ಹೇಳುವಾಗ ನನ್ನ ದನಿ ನನಗೇ ಕೇಳಿಸಲಿಲ್ಲ. ಅವರು ಇನ್ನೊಮ್ಮೆ ಕೇಳಿದರು, ಇನ್ನೊಮ್ಮೆ ಹೇಳಬೇಕಾಯಿತು. ಅವಳು ರಬ್ಬರಿನಿಂದ ಗುರುತು ಅಳಿಸುವಂತೆ ಮಾಡಿದ್ದನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ಅವಳು ನನಗೆ ಫೋನ್ ಮಾಡಿದ್ಲು," ಎಂದರು. "ರಜ ಸಿಗಲಿಲ್ಲ ಅನ್ನೋದು ನಾನು ಎಲ್ಲರ ಮುಂದೆ ಹೇಳಿದ್ದು. ನನ್ನ ತಲೆಗೆ ಇಂಗ್ಲಿಷ್ ಹತ್ತಲ್ಲ ಮೇಡಂ, ಡಿ.ಫಾರ್ಮ ಆಸೆ ಬಿಟ್ಟೆ ಅಂದ್ಲು. ನಾನೂ ತಪ್ಪು ಮಾಡಿದೆ. ಅವಳ ಹಾಳೇಲಿ ಉಜ್ಜಿದ ಗುರುತು ಕಾಣ್ತಿತ್ತು, ಕೇಳಬೇಕಾಗಿತ್ತು. ಪಕ್ಕದಲ್ಲಿ ನೀವಿದ್ರಿ, ಅವಳ ಮೇಷ್ಟ್ರು. ಮೇಷ್ಟ್ರಿಗೆ ಗೊತ್ತಿರುತ್ತೆ ಅಂತ ಬಿಟ್ಟೆ."

ಒಂದನೇ, ಎರಡನೇ ಪುಸ್ತಕಗಳನ್ನು ತಮ್ಮ ಕಪಾಟಿನಿಂದ ತೆಗೆದು ನನ್ನ ಕೈಗಿಟ್ಟರು. ಜೊತೆಗೆ ಗುರುತು ಹಾಕದ ಆ ಪಟ್ಟಿಯ ಎರಡು ಹಾಳೆ: ಒಂದು ನನಗೆ, ಒಂದು ಅವಳಿಗೆ.

ಮರುದಿನ ಶಾಲೆಯಿಂದ ಬೇಗ ಬಂದೆ. ಊಟದ ಮೇಜಿನ ಮೇಲೆ ಪುಸ್ತಕಗಳನ್ನು ಇಟ್ಟುಕೊಂಡು, ಮೊಬೈಲನ್ನು ಹೆಂಡತಿಯ ಕೈಗೆ ಕೊಟ್ಟು, "ನಾನು ಹೇಳಿದಾಗ ಇದರಲ್ಲಿರೋ ಆಡಿಯೋ ಹಾಕು. ನಲವತ್ತು ನಿಮಿಷ ಆದಮೇಲೆ ಹೇಳು, ಅಲ್ಲೀತನಕ ಇದನ್ನ ಕೈಗೆ ಕೊಡಬೇಡ" ಎಂದೆ.

"ಏನ್ರೀ, ಪರೀಕ್ಷೆನಾ?"

"ಹೂಂ."

"ಯಾರು ಮಾಡ್ತಿರೋದು?"

"ನಾನೇ."

ಅವಳು ಗಡಿಯಾರ ನೋಡಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತಳು. ಒಂದನೇ ಪುಸ್ತಕದ ಟೆಸ್ಟಿನಲ್ಲಿ ನಲವತ್ತಮೂರು ಬಂತು. ಕಳೆದುಕೊಂಡ ಏಳರಲ್ಲಿ ಆರು ಕೇಳಿ ಬರೆಯುವ ಭಾಗದವು. ಎರಡನೆಯದನ್ನು ಮಾರನೇ ದಿನ ಬರೆದೆ. ಇಪ್ಪತ್ತನಾಲ್ಕು. ಕೂಡಿದ್ದನ್ನು ಮತ್ತೆ ಕೂಡಿದೆ, ಇಪ್ಪತ್ತನಾಲ್ಕೇ ಇತ್ತು. ಆಮೇಲೆ ಪಟ್ಟಿಯ ಸಾಲುಗಳನ್ನು ಒಂದೊಂದಾಗಿ ನಿಜಕ್ಕೂ ಮಾಡಿ ನೋಡಿದೆ. "ನಿನ್ನೆ ನಡೆದದ್ದನ್ನು ಮೊದಲಿಂದ ಕೊನೆಯವರೆಗೆ ಹೇಳಬಲ್ಲೆ" ಎಂಬುದಕ್ಕೆ ಮೊಬೈಲಿನಲ್ಲಿ ನನ್ನ ದನಿಯನ್ನೇ ರೆಕಾರ್ಡ್ ಮಾಡಿದೆ. ಎರಡು ನಿಮಿಷದ ರೆಕಾರ್ಡಿನಲ್ಲಿ ಒಂಬತ್ತು ವಾಕ್ಯಗಳಿದ್ದವು. ಉಳಿದದ್ದೆಲ್ಲ ಉಸಿರಾಟ, ಕುರ್ಚಿ ಕಿರುಗುಟ್ಟುವುದು, "ಆಂ... ಆಂ..." ಎನ್ನುವುದು. ಅದನ್ನು ಕೇಳುತ್ತಿರುವಾಗ ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತಿದ್ದಳು. ಆಫ್ ಮಾಡಲಿಲ್ಲ. ಪೂರ್ತಿ ಕೇಳಿಸಿದೆ. ಜೂನ್ ತಿಂಗಳ ಸಂಗತಿ, ಎಂ.ಎ. ಸಂಗತಿ ಎಲ್ಲವನ್ನೂ ಅವಳಿಗೆ ಹೇಳಿದೆ.

"ಹೆಡ್ ಮೇಡಂಗೆ ಹೇಳಿ" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಅದಕ್ಕೂ ಮುಂಚೆ ಆ ಹುಡುಗೀಗೆ ಹೇಳಿ" ಎಂದಳು.

ಹೇಳಬೇಕೆಂದು ಗೊತ್ತಿದ್ದೂ ನಾಲ್ಕು ದಿನ ಕಳೆದೆ. ಶನಿವಾರ ಮಧ್ಯಾಹ್ನ ಜನ ಕಡಿಮೆಯಿರುವ ಹೊತ್ತು ನೋಡಿಕೊಂಡು ಮೆಡಿಕಲ್ ಶಾಪಿಗೆ ಹೋದೆ. ಅವಳೊಬ್ಬಳೇ ಇದ್ದಳು. ಅವಧಿ ಮೀರಿದ ಮಾತ್ರೆಗಳನ್ನು ವಾಪಸ್ ಕಳಿಸಲು ಬೇರೆ ಮಾಡುತ್ತಾ, ಡಬ್ಬಿಗಳ ಮೇಲಿನ ಇಂಗ್ಲಿಷನ್ನು ಸರಾಗವಾಗಿ ಓದಿ ಪಟ್ಟಿ ಬರೆಯುತ್ತಿದ್ದಳು.

"ಬನ್ನಿ ಸಾರ್. ಮಾತ್ರೆ ಕೊಡ್ಲಾ? ಹೋದ ತಿಂಗಳು ಬರಲೇ ಇಲ್ಲ?"

"ಬೇರೆ ಕಡೆ ತಗಂಡೆ. ನಿನಗೆ ಮುಖ ತೋರಿಸಕ್ಕಾಗ್ದೆ."

ಅವಳು ಕೈಯಲ್ಲಿದ್ದ ಡಬ್ಬಿ ಕೆಳಗಿಟ್ಟಳು. ನಾನು ನಿಂತೇ ಹೇಳಿದೆ. "ನನಗೆ ಆ ಆಡಿಯೋ ಒಂದಿನವೂ ಅರ್ಥ ಆಗಿರಲಿಲ್ಲ ಕಣಮ್ಮ. ಸುಳ್ಳು ಹೇಳ್ದೆ. ಈಗ ಟೆಸ್ಟ್ ಬರೆದೆ. ಎರಡನೇ ಪುಸ್ತಕದಲ್ಲಿ ಐವತ್ತಕ್ಕೆ ಇಪ್ಪತ್ತನಾಕು. ಮೂರನೇದು ನನ್ನ ಪುಸ್ತಕವೇ ಅಲ್ಲ. ನೀನು ಮೊದಲು ಹಾಕಿದ್ಯಲ್ಲ, ಆ ಗುರುತುಗಳೇ ಸರಿ. ಅದನ್ನ ಅಳಿಸೋ ಹಂಗೆ ಮಾಡಿದ್ದು ನನ್ನ ತಪ್ಪು."

ಆಗಲೇ ಒಬ್ಬ ಅಜ್ಜ ಕೆಮ್ಮಿನ ಔಷಧಿ ಕೇಳಿಕೊಂಡು ಬಂದ. ಅವಳು ಅವನಿಗೆ ಬಾಟಲಿ ಕೊಟ್ಟು, ಎಷ್ಟು ಹೊತ್ತಿಗೆ ಎಷ್ಟು ಕುಡಿಯಬೇಕೆಂದು ಎರಡು ಸಲ ಹೇಳಿ, ಮುಚ್ಚಳದ ಗೆರೆ ತೋರಿಸಿ ಕಳಿಸಿದಳು. ನಾನು ಪಕ್ಕಕ್ಕೆ ಸರಿದು ಕಾದೆ. ಅವನು ಹೋದ ಮೇಲೆ ಅವಳು ಕೆಳಗಿಟ್ಟಿದ್ದ ಡಬ್ಬಿಯನ್ನು ಮತ್ತೆ ಕೈಗೆತ್ತಿಕೊಂಡಳು.

"ಮನೇಲಿ ಎಲ್ಲರಿಗೂ ಹೇಳ್ಬಿಟ್ಟೆ ಸಾರ್, ನನ್ನ ಕೈಲಾಗಲ್ಲ ಅಂತ" ಎಂದಳು. "ಅಮ್ಮ ಸರಿ ಬಿಡು ಅಂದ್ರು. ನಿಮಗೆ ಅರ್ಥ ಆಗ್ತೈತೆ, ನನಗೆ ಆಗ್ತಿಲ್ಲ ಅಂದ್ರೆ ನಾನೇ ದಡ್ಡಿ ಅಂತ ತಾನೇ ಅರ್ಥ? ಹಂಗಂದ್ಕಂಡು ದಿನಾ ಅತ್ತಿದೀನಿ. ಬಸ್ಸಲ್ಲಿ ಒಂದ್ಮಾತು ಹೇಳ್ಬೌದಿತ್ತಲ್ಲ ಸಾರ್. ನಂಗೂ ಬರಲ್ಲ ಕಣಮ್ಮ ಅಂತ. ಅಷ್ಟಂದಿದ್ರೆ ಸಾಕಾಗಿತ್ತು."

"ಹೌದು. ಹೇಳ್ಬೌದಿತ್ತು."

ಉಪನ್ಯಾಸಕಿ ಕೊಟ್ಟಿದ್ದ ಖಾಲಿ ಹಾಳೆಗಳಲ್ಲಿ ಉಳಿದಿದ್ದ ಒಂದನ್ನು ಕೌಂಟರಿನ ಮೇಲಿಟ್ಟೆ. ಹಳದಿ ಪುಸ್ತಕವನ್ನೂ ಇಟ್ಟೆ. "ಮೇಡಂ ಅವರದ್ದು. ನೀನು ಓದಿ ವಾಪಸ್ ಕೊಡಬೌದಂತೆ. ಕೊನೇ ಟೆಸ್ಟ್ ಮೊದಲು ಬರಿ. ಯಾರ ಮಾತೂ ಕೇಳಬೇಡ, ನನ್ನದಂತೂ ಬೇಡವೇ ಬೇಡ."

ಅವಳು ಪುಸ್ತಕ ಮುಟ್ಟಲಿಲ್ಲ. "ಇಟ್ಟಿರಿ ಸಾರ್, ನೋಡ್ತೀನಿ" ಎಂದಳು. ನನ್ನ ಮಾತ್ರೆ ಕೊಟ್ಟು ಚಿಲ್ಲರೆ ಎಣಿಸಿದಳು. ಮೊದಲಿನ ಹಾಗೆ "ಉಪ್ಪು ಕಮ್ಮಿ ತಿನ್ನಿ ಸಾರ್" ಎಂದು ಹೇಳಲಿಲ್ಲ.

ಹೆಡ್ ಮೇಡಂಗೆ ಸೋಮವಾರ ಹೇಳಿದೆ. ಅವರಿಗೆ ಕೋಪ ಬಂತು, ಬರಲೇಬೇಕಿತ್ತು. ಕೊನೆಗೆ, ಚಿಕ್ಕ ವಯಸ್ಸಿನ ಒಬ್ಬ ಅತಿಥಿ ಶಿಕ್ಷಕಿಗೆ ಒಂದನೇ ತರಗತಿಯ ಇಂಗ್ಲಿಷ್ ಕೊಟ್ಟು, ನಾನು ಅವಳ ಬೇರೆ ಪಾಠಗಳನ್ನು ತೆಗೆದುಕೊಳ್ಳುವುದೆಂದು ಆಯಿತು. ಆ ಜೂನ್‌ನಲ್ಲಿ ಸೇತುಬಂಧದ ನಮೂನೆ ತುಂಬುವಾಗ ನಾನು ಪ್ರತಿ ಮಗುವನ್ನೂ ಹತ್ತಿರ ಕೂರಿಸಿಕೊಂಡು ಓದಿಸಿದೆ. ಐದನೇ ತರಗತಿಯ ಹನ್ನೊಂದು ಮಕ್ಕಳಲ್ಲಿ ನಾಲ್ವರಿಗೆ ಮೂರನೇ ತರಗತಿಯ ಪಾಠ ಓದಲು ಬರುತ್ತಿರಲಿಲ್ಲ. ಹಿಂದಿನ ವರ್ಷದ ನಮೂನೆಯಲ್ಲಿ ಅದೇ ನಾಲ್ವರ ಎದುರಿಗೆ ನನ್ನ ಅಕ್ಷರದಲ್ಲಿ "ಸಾಧಿಸಿದ್ದಾರೆ" ಎಂದಿತ್ತು. ಆ ಮಕ್ಕಳಿಗೆ ಅದನ್ನು ಹೇಗೆ ಹೇಳುವುದು? ಹೇಳಲಿಲ್ಲ. ಮೂರನೇ ತರಗತಿಯ ಪುಸ್ತಕ ತಂದು ಅಲ್ಲಿಂದ ಶುರು ಮಾಡಿದೆ.

ನಾನು ತರೀಕೆರೆಗೆ ಹೋಗುವುದನ್ನು ಬಿಡಲಿಲ್ಲ. ಎರಡನೇ ಪುಸ್ತಕದ ಗುಂಪು ಹನ್ನೊಂದು ಗಂಟೆಗೆ. ಮೊದಲ ಪಾಠದಿಂದ ಓದಿದೆ, ಕೇಳುವ ಭಾಗಕ್ಕೆ ಮಾತ್ರ ಒಂದನೇ ಪುಸ್ತಕದ ಆಡಿಯೋಗಳನ್ನು ಬೈಕು ತೊಳೆಯುವಾಗ, ತರಕಾರಿ ಹೆಚ್ಚುವಾಗ ಹಾಕಿಕೊಂಡೆ. ಪ್ರತಿ ಎರಡು ತಿಂಗಳಿಗೊಮ್ಮೆ ಆ ಪಟ್ಟಿಗೆ ಹೊಸದಾಗಿ ಗುರುತು ಹಾಕುತ್ತೇನೆ. ಅಭಿಪ್ರಾಯ ಹೇಳುವ ಸಾಲಿನ ಎದುರಿಗೆ ಈಗಲೂ "ಇನ್ನೂ ಇಲ್ಲ". ಫೋನಿನ ಸಾಲು ಈಚೆಗೆ "ಕಷ್ಟಪಟ್ಟು"ವಿಗೆ ಬಂದಿದೆ.

ಅವಳು ಆ ಮಾರ್ಚ್‌ನಲ್ಲಿ ಬರಲಿಲ್ಲ, ಏಪ್ರಿಲ್‌ನಲ್ಲೂ ಬರಲಿಲ್ಲ. ಆ ವರ್ಷದ ಡಿ.ಫಾರ್ಮ ಅರ್ಜಿಯ ದಿನಗಳು ಹಾಗೇ ಕಳೆದವು. ಗಣೇಶನ ಹಬ್ಬದ ನಂತರದ ಒಂದು ಭಾನುವಾರ ನಾನು ಮೆಟ್ಟಿಲು ಹತ್ತುತ್ತಿರುವಾಗ ಒಂದನೇ ಪುಸ್ತಕದ ಬೆಳಗಿನ ಗುಂಪು ಇಳಿಯುತ್ತಿತ್ತು. ಅವಳೂ ಇದ್ದಳು. ಜೊತೆಯವಳಿಗೆ ಏನನ್ನೋ ಇಂಗ್ಲಿಷಿನಲ್ಲಿ, ನಿಂತು ನಿಂತು, ತಪ್ಪು ತಪ್ಪಾಗಿ, ಆದರೆ ಜೋರಾಗಿ ಹೇಳುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು.

"ಯಾವಾಗ ಸೇರಿದೆಯಮ್ಮ?"

"ಮೂರು ವಾರ ಆಯ್ತು ಸಾರ್."

"ಟೆಸ್ಟ್ ಬರೆದ್ಯಾ?"

"ಬರ್ದೆ. ಇಪ್ಪತ್ತೊಂಬತ್ತು." ಆ ಅಂಕಿಯನ್ನು ಅವಳು ನನ್ನ ಮುಖ ನೋಡಿಯೇ ಹೇಳಿದಳು. ಅದರಲ್ಲಿ ಮುಚ್ಚಿಕೊಳ್ಳುವಂಥದ್ದು ಏನೂ ಇದ್ದಂತಿರಲಿಲ್ಲ. ಮುಂದಿನ ವರ್ಷ ಅರ್ಜಿ ಹಾಕುತ್ತೀಯಾ ಎಂದು ಕೇಳಬೇಕೆನಿಸಿತು, ಕೇಳುವ ಹಕ್ಕು ನನಗಿದೆ ಎನಿಸಲಿಲ್ಲ.

"ಬತ್ತೀನಿ ಸಾರ್, ಬಸ್ಸಿಗೆ ಹೊತ್ತಾಯ್ತು" ಎಂದು ಇಳಿದು ಹೋದಳು. ನಾನು ಗೋಡೆಗೆ ಒತ್ತರಿಸಿಕೊಂಡು ಅವರಿಗೆಲ್ಲ ದಾರಿ ಬಿಟ್ಟೆ.